ವಿಷಯ: ಕೊಬ್ಬರಿ ಎಣ್ಣೆ ಲೇಬಲ್ – ಮೊದಲ ಸುತ್ತಿನ ತಿದ್ದುಪಡಿ, ಹೊಸ ಕೆಲಸಗಳ ದರ

ಶಿವಣ್ಣನವರಿಗೆ ನಮಸ್ಕಾರ,

ಸೋಮವಾರದಿಂದ ನೀವು ಕಳುಹಿಸಿದ ಸಂದೇಶಗಳನ್ನೆಲ್ಲ ಒಟ್ಟಿಗೆ ಓದಿ, ಧ್ವನಿ ಸಂದೇಶಗಳನ್ನೂ ಕೇಳಿ ಉತ್ತರಿಸುತ್ತಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ ಆಡಿದ ಮಾತು ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಮೇಲ್‌ನಲ್ಲಿದ್ದರೆ ಇಬ್ಬರಿಗೂ ಅನುಕೂಲ.

"ನಮ್ಮ ಗಾಣಕ್ಕೆ ಈಗ ಎತ್ತು ಕಟ್ಟುವುದಿಲ್ಲ, ಮೋಟಾರಿನಲ್ಲೇ ತಿರುಗುತ್ತದೆ" ಎಂದಿರಿ. ಹಾಗಾದರೆ ಎತ್ತಿನ ಚಿತ್ರ ಬೇಡ. ಅದರ ಜಾಗಕ್ಕೆ ಮರದ ಗಾಣ, ಪಕ್ಕದಲ್ಲಿ ಹೋಳು ಮಾಡಿದ ಉಂಡೆ ಕೊಬ್ಬರಿ ಬರುತ್ತದೆ. ತಿಪಟೂರಿನ ಎಣ್ಣೆಗೆ ಅದಕ್ಕಿಂತ ಬೇರೆ ಗುರುತು ಬೇಕೆ?

ಅಂಗಡಿಯ ಮೇಲಿನ ಹಲಗೆಯಲ್ಲಿಟ್ಟರೆ ಹೆಸರು ಓದಲಾಗುವುದಿಲ್ಲವೆಂದು ನಿಮ್ಮ ಮನೆಯವರು ಹೇಳಿದ್ದು ಸರಿಯಾಗಿದೆ. ಅಕ್ಷರ ದೊಡ್ಡದು ಮಾಡುತ್ತೇನೆ. ಆದರೆ ಗಾತ್ರ ಹಿಗ್ಗಿಸಿದರಷ್ಟೇ ಸಾಲದು. 'ಬ್ಬ', 'ಣ್ಣೆ'ಗಳ ಒತ್ತಕ್ಷರಕ್ಕೆ ಕೆಳಗೆ ಜಾಗವಿಲ್ಲದಿದ್ದರೆ ಮುದ್ರಣದಲ್ಲಿ ಶಾಯಿ ತುಂಬಿಕೊಂಡು ಬರೀ ಕಪ್ಪು ಚುಕ್ಕೆ ಉಳಿಯುತ್ತದೆ. ಆದ್ದರಿಂದ ಹೆಸರನ್ನು ಎರಡು ಸಾಲು ಮಾಡಿ, ನಡುವೆ ಅಂತರ ಬಿಡುತ್ತೇನೆ. ಕಡು ಹಸಿರನ್ನೂ ತಿಳಿಗೊಳಿಸುತ್ತೇನೆ. ಆದರೆ ನೀವು ತೋರಿಸಿದ ಗಿಳಿಹಸಿರಿನಷ್ಟಲ್ಲ, ಅದರ ಮೇಲೆ ಬಿಳಿ ಅಕ್ಷರ ಎದ್ದು ಕಾಣುವುದಿಲ್ಲ.

ಇನ್ನು 200 ಮಿ.ಲೀ. ಬಾಟಲಿ ಮತ್ತು ಐದು ಲೀಟರ್ ಡಬ್ಬದ ವಿಚಾರ. "ಅದೇ ಡಿಸೈನ್ ತಾನೇ, ಚಿಕ್ಕದು ದೊಡ್ಡದು ಮಾಡಿದರಾಯಿತು" ಎಂದು ಬರೆದಿದ್ದೀರಿ. ಚಿತ್ರ ಕುಗ್ಗುತ್ತದೆ, ಕಾನೂನು ಕೇಳುವ ವಿವರ ಕುಗ್ಗುವುದಿಲ್ಲ. ಎಂಆರ್‌ಪಿ, ನಿವ್ವಳ ಪ್ರಮಾಣ, ತಯಾರಿಸಿದ ದಿನಾಂಕ, ವಿಳಾಸ, ಗ್ರಾಹಕರು ಸಂಪರ್ಕಿಸಬೇಕಾದ ಸಂಖ್ಯೆ, ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ, ಹಸಿರು ಚುಕ್ಕೆ, ಇಷ್ಟೂ ಆ ಅಂಗೈಯಗಲದಲ್ಲಿ ಹಿಡಿಸಬೇಕು. ಪೊಟ್ಟಣ ಸರಕುಗಳ 2011ರ ನಿಯಮಗಳಲ್ಲಿ ಅಂಕಿಗಳ ಎತ್ತರಕ್ಕೂ ಕನಿಷ್ಠ ಮಿತಿ ಇದೆ. ಹೀಗಾಗಿ ಎರಡನ್ನೂ ಹೊಸದಾಗಿಯೇ ಜೋಡಿಸಬೇಕಾಗುತ್ತದೆ.

ಸೆಪ್ಟೆಂಬರ್ 8ರ ಮೇಲ್‌ನಲ್ಲಿ ನಾವು ಒಪ್ಪಿಕೊಂಡಿದ್ದು ಅರ್ಧ ಲೀಟರ್ ಮತ್ತು ಒಂದು ಲೀಟರ್ ಲೇಬಲ್, ಎರಡು ಸುತ್ತು ತಿದ್ದುಪಡಿ, ಒಟ್ಟು 14,000 ರೂಪಾಯಿ. ಅದು ಹಾಗೆಯೇ ಇರಲಿ. ಮೇಲೆ ಹೇಳಿದ ಬದಲಾವಣೆಗಳು ಮೊದಲ ಸುತ್ತಿಗೆ ಸೇರುತ್ತವೆ, ಅದಕ್ಕೆ ಬೇರೆ ಹಣ ಕೊಡಬೇಕಿಲ್ಲ. ಸಣ್ಣ ಬಾಟಲಿಗೆ 4,000, ಡಬ್ಬಕ್ಕೆ 6,000 ಪ್ರತ್ಯೇಕವಾಗುತ್ತದೆ. "ನಮ್ಮ ಜಿಲ್ಲೆಯವರು, ಸ್ವಲ್ಪ ನೋಡಿಕೊಳ್ಳಿ" ಎಂದಿರಿ. ನೋಡಿಕೊಂಡೇ ಮೊದಲ ದರ ಹೇಳಿದ್ದೆ. ಇನ್‌ಸ್ಟಾಗ್ರಾಮ್ ಪೋಸ್ಟರ್‌ಗಳನ್ನು ಸದ್ಯಕ್ಕೆ ಒಪ್ಪಿಕೊಳ್ಳಲಾರೆ. ದೀಪಾವಳಿಗೆ ಮುಂಚೆ ಬಾಟಲಿಗಳು ಅಂಗಡಿ ಸೇರಬೇಕಾದರೆ ಮೊದಲು ಅರ್ಧ ಲೀಟರ್, ಒಂದು ಲೀಟರ್ ಲೇಬಲ್ ಮುದ್ರಣಕ್ಕೆ ಹೋಗಲಿ.

ತಿದ್ದಿದ ಲೇಬಲ್‌ಗಳು ಶುಕ್ರವಾರ ಸಂಜೆಯೊಳಗೆ ನಿಮಗೆ ತಲುಪುತ್ತವೆ. ಅಷ್ಟರೊಳಗೆ ಪರವಾನಗಿ ಪತ್ರದ ಸ್ಪಷ್ಟ ಫೋಟೋ ಕಳುಹಿಸಿ. ಹಿಂದಿನದರಲ್ಲಿ ಕೊನೆಯ ಮೂರು ಅಂಕಿ ಮಡಿಕೆಯೊಳಗೆ ಸಿಕ್ಕಿಕೊಂಡಿವೆ. ಬಾಟಲಿ, ಡಬ್ಬ ಬೇಕಿದ್ದರೆ ಇದೇ ಮೇಲ್‌ಗೆ "ಒಪ್ಪಿಗೆ" ಎಂದು ಉತ್ತರಿಸಿದರೆ ಸಾಕು.

ವಂದನೆಗಳೊಂದಿಗೆ,
ವಿನುತಾ
ತುಮಕೂರು