ಆರ್ಡರ್ 4471: ಒಂದು ಚೀಲ ಬಂದಿಲ್ಲ, ಬಂದದ್ದರಲ್ಲಿ ಎರಡರ ಡೇಟ್ ಮುಗಿದಿದೆ, ₹688 ರಿಫಂಡ್ ಬಾಕಿ

ದೂರು ಅಧಿಕಾರಿಗಳಿಗೆ,

ನಮಸ್ಕಾರ. 14 ಜೂನ್ 2025, ಶನಿವಾರ ಸಂಜೆ 7:40ಕ್ಕೆ ಬೆಂಗಳೂರಿನ ರಾಜಾಜಿನಗರದ ನಮ್ಮ ಮನೆಗೆ ನಿಮ್ಮ ಆ್ಯಪ್‌ನಲ್ಲಿ ದಿನಸಿ ಆರ್ಡರ್ ಮಾಡಿದ್ದೆ. ಒಟ್ಟು ಎಂಟು ಐಟಂ, ಬಿಲ್ ₹982, ಯುಪಿಐನಲ್ಲಿ ಕಟ್ಟಿದ್ದೇನೆ. 7:56ಕ್ಕೆ ಡೆಲಿವರಿ ಆಯಿತು. ಬಂದದ್ದು ಐದೇ ಐಟಂ. ಅದರಲ್ಲೂ ಎರಡರ ಡೇಟ್ ಮುಗಿದಿತ್ತು.

ಬರದೇ ಇದ್ದದ್ದು ಅರ್ಧ ಲೀಟರ್ ತುಪ್ಪ (₹340), 200 ಗ್ರಾಂ ಕಾಫಿಪುಡಿ (₹168), ಒಂದು ಕಟ್ಟು ಕೊತ್ತಂಬರಿ ಸೊಪ್ಪು (₹18). ಡೇಟ್ ಮುಗಿದಿದ್ದು ಒಂದು ಕೆ.ಜಿ. ಇಡ್ಲಿ-ದೋಸೆ ಹಿಟ್ಟು (₹85) ಮತ್ತು 200 ಗ್ರಾಂ ಪನೀರ್ (₹95). ಬೇಳೆ, ಈರುಳ್ಳಿ, ಟೊಮೆಟೊ ಸರಿಯಾಗಿವೆ, ಅವುಗಳ ಬಗ್ಗೆ ತಕರಾರಿಲ್ಲ.

ನಾಲ್ಕು ಫೋಟೊ ಲಗತ್ತಿಸಿದ್ದೇನೆ. ಮೊದಲನೆಯದನ್ನು ದಯವಿಟ್ಟು ದೊಡ್ಡದು ಮಾಡಿ ನೋಡಿ. ಚೀಲದ ಮೇಲಿನ ಸ್ಟಿಕ್ಕರ್‌ನಲ್ಲಿ ಆರ್ಡರ್ ನಂಬರ್ ಪಕ್ಕ "1/2" ಎಂದಿದೆ. ಅಂದರೆ ನಿಮ್ಮ ಸ್ಟೋರ್‌ನವರೇ ಎರಡು ಚೀಲ ಕಟ್ಟಿದ್ದಾರೆ. ನನಗೆ ಸಿಕ್ಕಿದ್ದು ಒಂದು. ಎರಡನೇ ಫೋಟೊದಲ್ಲಿ ಬಂದ ಸಾಮಾನನ್ನೆಲ್ಲ ಬಿಲ್ ಜೊತೆ ಟೇಬಲ್ ಮೇಲೆ ಇಟ್ಟಿದ್ದೇನೆ. ಮೂರನೆಯದರಲ್ಲಿ ಹಿಟ್ಟಿನ ಪ್ಯಾಕೆಟ್ ಇದೆ, ಬಳಸಬೇಕಾದ ಕೊನೆ ದಿನ 12/06/2025. ಪ್ಯಾಕೆಟ್ ಊದಿಕೊಂಡಿರುವುದೂ ಕಾಣುತ್ತದೆ. ನಾಲ್ಕನೆಯದು ಪನೀರ್, ಅದರ ಕೊನೆ ದಿನ 09/06/2025. ಐದು ದಿನ ಹಿಂದೆಯೇ ಶೆಲ್ಫ್‌ನಿಂದ ತೆಗೆಯಬೇಕಿದ್ದ ಮಾಲು ಇದು. ಎರಡೂ ಪ್ಯಾಕೆಟ್ ಒಡೆದಿಲ್ಲ, ಬೇರೆ ಕವರ್‌ನಲ್ಲಿ ಕಟ್ಟಿ ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ಬೇಕಾದರೆ ಯಾರನ್ನಾದರೂ ಕಳಿಸಿ, ಕೊಡುತ್ತೇನೆ.

ಅದೇ ರಾತ್ರಿ ಚಾಟ್‌ನಲ್ಲಿ ದೂರು ಕೊಟ್ಟೆ. ಕೊತ್ತಂಬರಿಯ ₹18 ತಕ್ಷಣ ವಾಪಸ್ ಬಂತು. ತುಪ್ಪ, ಕಾಫಿಪುಡಿ "ನಮ್ಮ ದಾಖಲೆಯಲ್ಲಿ ಡೆಲಿವರಿ ಆಗಿದೆ" ಎಂದರು. ಮೂರೂ ಒಂದೇ ಚೀಲದಲ್ಲಿ ಬರಬೇಕಿದ್ದ ಸಾಮಾನು. ಸೊಪ್ಪು ಬಂದಿಲ್ಲ ಎಂದು ಒಪ್ಪಿ, ತುಪ್ಪ ಬಂದಿದೆ ಎನ್ನುವುದು ಯಾವ ಲೆಕ್ಕ? ಪನೀರ್ ವಿಷಯಕ್ಕೆ, "ಕೆಟ್ಟಿರುವುದು ಫೋಟೊದಲ್ಲಿ ಕಾಣುತ್ತಿಲ್ಲ" ಎಂದು ಟಿಕೆಟ್ ಕ್ಲೋಸ್ ಮಾಡಿದರು. ವಾಸನೆಯ ಫೋಟೊ ತೆಗೆಯಲು ನನಗೆ ಬರುವುದಿಲ್ಲ. ಅದರ ಅಗತ್ಯವೂ ಇಲ್ಲ. ನನ್ನ ದೂರು ಪನೀರ್ ಕೆಟ್ಟಿದೆ ಎಂದಲ್ಲ, ಡೇಟ್ ಮುಗಿದ ಮೇಲೆ ಮಾರಿದ್ದೀರಿ ಎಂದು. ಆ ಡೇಟ್ ಫೋಟೊದಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಅಲ್ವಾ?

ಆನ್‌ಲೈನ್‌ನಲ್ಲಿ ಆಹಾರ ಮಾರುವವರು, ಮನೆಗೆ ತಲುಪಿಸುವ ಹೊತ್ತಿಗೆ ಬಾಳಿಕೆ ಅವಧಿಯ ಶೇ. 30 ಅಥವಾ 45 ದಿನವಾದರೂ ಬಾಕಿ ಇರುವಂತೆ ನೋಡಿಕೊಳ್ಳಬೇಕು ಎಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲೇ ಹೇಳಿದೆ. ಇಲ್ಲಿ ಒಂದು ದಿನವೂ ಬಾಕಿ ಇರಲಿಲ್ಲ.

ಲೆಕ್ಕ ಹೀಗಿದೆ: ಬರದ ಸಾಮಾನು ₹526, ಡೇಟ್ ಮುಗಿದದ್ದು ₹180, ಒಟ್ಟು ₹706. ಕೊಟ್ಟಿರುವ ₹18 ಕಳೆದರೆ ಬಾಕಿ ₹688. ಇದು ನಾನು ದುಡ್ಡು ಕಟ್ಟಿದ ಯುಪಿಐ ಖಾತೆಗೇ ಬರಬೇಕು. ಆ್ಯಪ್ ವಾಲೆಟ್‌ಗೆ ಹಾಕುವುದು, ಮುಂದಿನ ಆರ್ಡರ್‌ಗೆ ಕೂಪನ್ ಕೊಡುವುದು ಬೇಡ. ಹ್ಯಾಂಡ್ಲಿಂಗ್ ಚಾರ್ಜ್ ಎಂದು ಹಾಕಿದ ₹12 ಕೇಳುತ್ತಿಲ್ಲ, ಅದಕ್ಕೆ ಏನು ಹ್ಯಾಂಡಲ್ ಮಾಡಿದಿರಿ ಎಂದು ಮಾತ್ರ ಅರ್ಥವಾಗಲಿಲ್ಲ.

ಇನ್ನೊಂದು ಮಾತು. ಎರಡನೇ ಚೀಲ ಸ್ಟೋರ್‌ನಲ್ಲೇ ಉಳಿಯಿತೋ, ದಾರಿಯಲ್ಲಿ ಬೇರೆ ಮನೆಗೆ ಹೋಯಿತೋ ಗೊತ್ತಿಲ್ಲ. ತಂದ ಹುಡುಗನ ಮೇಲೆ ನನ್ನ ದೂರಿಲ್ಲ. ವಿಚಾರಿಸದೆ ಅವನ ದುಡಿಮೆಯಲ್ಲಿ ಈ ದುಡ್ಡು ಹಿಡಿಯಬೇಡಿ. ಹಿಟ್ಟು, ಪನೀರ್‌ನ ಡೇಟ್ ನೋಡುವುದಂತೂ ಅವನ ಕೆಲಸವಲ್ಲ. ಆ ಸ್ಟೋರ್‌ನಲ್ಲಿ ಅದೇ ಬ್ಯಾಚ್‌ನ ಪ್ಯಾಕೆಟ್ ಇನ್ನೂ ಇದ್ದರೆ ಇವತ್ತೇ ತೆಗೆಸಿ. ಬ್ಯಾಚ್ ನಂಬರ್ ಫೋಟೊಗಳಲ್ಲಿದೆ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ₹688ಕ್ಕೆ ಒಂದು ತಿಂಗಳು ಬೇಕಾಗಲಾರದು. ಜೂನ್ 22ರವರೆಗೆ ಕಾಯುತ್ತೇನೆ. ಅಷ್ಟರಲ್ಲಿ ದುಡ್ಡು ಬರದಿದ್ದರೆ ಇದೇ ಫೋಟೊ, ಬಿಲ್, ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ಡೇಟ್ ಮುಗಿದ ಮಾಲಿನ ಬಗ್ಗೆ ಎಫ್‌ಎಸ್‌ಎಸ್‌ಎಐಗೂ ದೂರು ಕೊಡುತ್ತೇನೆ.

ಆ್ಯಪ್‌ನಲ್ಲಿರುವ ನಂಬರ್‌ಗೆ ಬೆಳಿಗ್ಗೆ ಹತ್ತರ ಮೇಲೆ ಫೋನ್ ಮಾಡಬಹುದು. ಕನ್ನಡದಲ್ಲಿ ಮಾತನಾಡುವವರಿಂದ ಮಾಡಿಸಿದರೆ ಇಬ್ಬರಿಗೂ ಸುಲಭ.

ಇಂತಿ,
ಸುಮಾ
ರಾಜಾಜಿನಗರ, ಬೆಂಗಳೂರು
15 ಜೂನ್ 2025