ವಿಷಯ: ರೋಟರ್‌ಡ್ಯಾಮ್ ಕನ್‌ಸೈನ್‌ಮೆಂಟ್ (ಇನ್‌ವಾಯ್ಸ್ 117) – ಶಿಪ್ಪಿಂಗ್ ಮತ್ತು ಕಸ್ಟಮ್ಸ್ ದಾಖಲೆಗಳು, ಡ್ರಾಫ್ಟ್ ನವೆಂಬರ್ 10ರೊಳಗೆ ಬೇಕು

ಶ್ರೀಧರ್ ಅವರೇ,

ನಮಸ್ಕಾರ. ನಿನ್ನೆ ಫೋನಿನಲ್ಲಿ ಮಾತಾಡಿದ ಹಾಗೆ, ರೋಟರ್‌ಡ್ಯಾಮ್‌ಗೆ ಹೋಗುವ ಪಂಪ್ ಹೌಸಿಂಗ್‌ಗಳ ವಿವರ ಕಳಿಸುತ್ತಿದ್ದೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಎಲ್‌ಸಿ ಪ್ರತಿ ಮೂರೂ ಜೊತೆಗಿವೆ. ಮೊದಲು ಎಲ್‌ಸಿ ಓದಿ, ಆಮೇಲೆ ಉಳಿದದ್ದು ನೋಡಿ. ಈ ಸಲ ದುಡ್ಡು ಬರುವುದು ಸರಕಿನ ಮೇಲಲ್ಲ, ಕಾಗದದ ಮೇಲೆ.

ಸರಕು ಇಷ್ಟು: 24 ಮರದ ಪೆಟ್ಟಿಗೆ, ಒಟ್ಟು 1,080 ಹೌಸಿಂಗ್. ನೆಟ್ ತೂಕ 16,200 ಕೆಜಿ, ಗ್ರಾಸ್ 17,640 ಕೆಜಿ, ಅಳತೆ 19.008 ಘನ ಮೀಟರ್. ಒಂದು 20 ಅಡಿ ಕಂಟೇನರ್‌ನಲ್ಲಿ ಎರಡು ಸಾಲು ಎತ್ತರಕ್ಕೆ ಆರಾಮಾಗಿ ಕೂರುತ್ತದೆ. ವ್ಯವಹಾರ ಸಿಐಎಫ್ ರೋಟರ್‌ಡ್ಯಾಮ್, ಇನ್‌ಕೋಟರ್ಮ್ಸ್ 2020. ನೀವು ಹೇಳಿದ ಹಡಗು ನವೆಂಬರ್ 20ಕ್ಕೆ ಹೊರಡುತ್ತದೆ ಅಂತ ಹಿಡಿದಿದ್ದೇನೆ. ಎಲ್‌ಸಿ ಪ್ರಕಾರ ಶಿಪ್‌ಮೆಂಟ್‌ಗೆ ಕೊನೆಯ ದಿನ ನವೆಂಬರ್ 28. ಅಂದರೆ ಒಂದು ಸೇಲಿಂಗ್ ತಪ್ಪಿದರೆ ನಮಗೆ ಜಾಸ್ತಿ ಜಾಗ ಉಳಿಯುವುದಿಲ್ಲ.

ಬಿ.ಎಲ್. ಡ್ರಾಫ್ಟ್‌ನಲ್ಲಿ ಈ ಸಾಲುಗಳು ಒಂದಕ್ಷರ ಬದಲಾಗದೆ ಬರಬೇಕು:

```
CONSIGNEE: TO ORDER
PORT OF DISCHARGE: ROTTERDAM
GOODS: CAST IRON PUMP HOUSINGS, MACHINED
HS CODE: 8413.91
PACKAGES: 24 WOODEN BOXES
GROSS WEIGHT: 17,640 KG
FREIGHT PREPAID
```

ನೋಟಿಫೈ ಪಾರ್ಟಿ ಜಾಗದಲ್ಲಿ ಖರೀದಿದಾರರ ಹೆಸರು, ವಿಳಾಸ ಎಲ್‌ಸಿಯಲ್ಲಿ ಇರುವ ಹಾಗೇ ಹಾಕಿ. ಅವರ ಲೆಟರ್‌ಹೆಡ್‌ನಲ್ಲಿ ಕಟ್ಟಡದ ಹೆಸರೂ ಇದೆ, ಎಲ್‌ಸಿಯಲ್ಲಿ ಇಲ್ಲ. ಎಲ್‌ಸಿಯದ್ದನ್ನೇ ಹಿಡಿಯಿರಿ.

ತೂಕದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದಿನ ಕನ್‌ಸೈನ್‌ಮೆಂಟ್‌ನಲ್ಲಿ (ಅದು ಬೇರೆ ಏಜೆಂಟ್ ಮೂಲಕ ಹೋಗಿತ್ತು) ಬಿ.ಎಲ್.ನ ಗ್ರಾಸ್ ತೂಕದ ಜಾಗಕ್ಕೆ ಯಾರೋ ವಿಜಿಎಂ ಅಂಕಿ ತುಂಬಿಬಿಟ್ಟರು. ವಿಜಿಎಂನಲ್ಲಿ ಖಾಲಿ ಕಂಟೇನರ್‌ನ ತೂಕವೂ ಸೇರಿರುತ್ತದೆ ಅಲ್ವಾ, ಹಾಗಾಗಿ ಪ್ಯಾಕಿಂಗ್ ಲಿಸ್ಟ್‌ಗೂ ಬಿ.ಎಲ್.ಗೂ ತಾಳೆ ಆಗಲಿಲ್ಲ. ಬ್ಯಾಂಕ್ ಡಿಸ್ಕ್ರೆಪೆನ್ಸಿ ಅಂತ ಬರೆದು ಕೂತಿತು. ಸರಕು ಬಂದರಿನಲ್ಲಿ, ಕಾಗದ ಬ್ಯಾಂಕಿನಲ್ಲಿ, ನಾವು ಮಧ್ಯೆ. ಈ ಸಲದ ಲೆಕ್ಕ ಹೀಗಿದೆ: ಸರಕು 17,640, ಒಳಗೆ ಅಲುಗಾಡದಂತೆ ಇಡುವ ಮರದ ತುಂಡು, ಪಟ್ಟಿ ಎಲ್ಲ ಸೇರಿ 110, ಕಂಟೇನರ್ ಸುಮಾರು 2,220. ಒಟ್ಟು 19,970 ಕೆಜಿ ಆಸುಪಾಸು. ನಾವು ಎರಡನೇ ವಿಧಾನದಲ್ಲಿ, ಅಂದರೆ ಒಂದೊಂದನ್ನೂ ತೂಗಿ ಕೂಡಿಸಿ, ವಿಜಿಎಂ ಕೊಡುತ್ತೇವೆ. ಕಂಟೇನರ್ ಬಾಗಿಲ ಮೇಲೆ ಬರೆದಿರುವ ಟೇರ್ ತೂಕ ನೋಡಿದ ಮೇಲೆ ಕೊನೆಯ ಅಂಕಿ ಸಹಿ ಮಾಡಿ ಕಳಿಸುತ್ತೇನೆ. ಅದು ಟರ್ಮಿನಲ್‌ಗೆ ಮತ್ತು ಲೈನ್‌ಗೆ ಮಾತ್ರ. ಬಿ.ಎಲ್.ಗೆ ಬೇಡ.

ಇನ್ನು ಬಿ.ಎಲ್. ಯಾರದ್ದು ಅನ್ನುವುದು. ಫಾರ್ವರ್ಡರ್ ಬಿ.ಎಲ್. ಒಪ್ಪುವುದಿಲ್ಲ ಅಂತ ಎಲ್‌ಸಿಯಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ನಿಮ್ಮ ಹೌಸ್ ಬಿ.ಎಲ್. ನಮಗೆ ಉಪಯೋಗಕ್ಕೆ ಬರುವುದಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಲೈನ್ ಕೊಡುವ ಬಿ.ಎಲ್., ಮೂರು ಒರಿಜಿನಲ್‌ಗಳ ಪೂರ್ತಿ ಸೆಟ್, ಕ್ಲೀನ್ ಆನ್ ಬೋರ್ಡ್ ಬೇಕು. ಟೆಲೆಕ್ಸ್ ರಿಲೀಸ್, ಸೀ ವೇಬಿಲ್ ಎರಡೂ ಬೇಡ. ಟ್ರಾನ್ಸ್‌ಶಿಪ್‌ಮೆಂಟ್‌ಗೆ ಎಲ್‌ಸಿ ಅಡ್ಡಿ ಮಾಡಿಲ್ಲ. ಆದರೆ ಇಲ್ಲಿಂದ ಫೀಡರ್‌ನಲ್ಲಿ ಹೋಗಿ ನಡುವೆ ದೊಡ್ಡ ಹಡಗು ಹತ್ತುವುದಾದರೆ ಈಗಲೇ ತಿಳಿಸಿ. ಆನ್ ಬೋರ್ಡ್ ನೋಟ್‌ನಲ್ಲಿ ನಮ್ಮ ಲೋಡಿಂಗ್ ಪೋರ್ಟ್‌ನಲ್ಲಿ ನಿಜವಾಗಿ ಸರಕು ಹತ್ತಿದ ಹಡಗಿನ ಹೆಸರು ಮತ್ತು ತಾರೀಖು ಇರಬೇಕು. ಬರೀ ಮುಂದಿನ ಹಡಗಿನ ಹೆಸರು ಬರೆದು ಬಿಟ್ಟರೆ ಬ್ಯಾಂಕ್ ಮತ್ತೆ ಪ್ರಶ್ನೆ ಎತ್ತುತ್ತದೆ.

ಕಸ್ಟಮ್ಸ್ ವಿಷಯಕ್ಕೆ ಬಂದರೆ, ಶಿಪ್ಪಿಂಗ್ ಬಿಲ್ ಫೈಲ್ ಮಾಡುವ ಮುಂಚೆ ಚೆಕ್‌ಲಿಸ್ಟ್ ನನಗೆ ಕಳಿಸಿ. ನಾನು ನೋಡಿ ಸರಿ ಅಂತ ಮೇಲ್ ಹಾಕಿದ ಮೇಲೆ ಮಾತ್ರ ಸಲ್ಲಿಸಿ. ಹೆಚ್‌ಎಸ್ ಕೋಡ್, ಎಫ್‌ಒಬಿ ಮೌಲ್ಯ, ಫ್ರೈಟ್ ಮತ್ತು ಇನ್ಶೂರೆನ್ಸ್ ಬೇರೆ ಬೇರೆ ತೋರಿಸಿರಬೇಕು. ನಮ್ಮ ಇನ್‌ವಾಯ್ಸ್‌ನಲ್ಲೂ ಹಾಗೇ ಬಿಡಿಸಿ ಹಾಕಿದ್ದೇನೆ. ಫೈಲ್ ಆದ ಮೇಲೆ ತಿದ್ದುಪಡಿ ಮಾಡಿಸುವ ಓಡಾಟ ನಿಮಗೇ ಚೆನ್ನಾಗಿ ಗೊತ್ತು.

ಸರಕು ಯುರೋಪಿಯನ್ ಒಕ್ಕೂಟಕ್ಕೆ ಹೋಗುವುದರಿಂದ, ಕಂಟೇನರ್ ಹಡಗು ಹತ್ತುವ 24 ಗಂಟೆ ಮುಂಚೆಯೇ ಅಲ್ಲಿನ ಎಂಟ್ರಿ ಸಮ್ಮರಿ ಡಿಕ್ಲರೇಶನ್ ಸಲ್ಲಿಕೆ ಆಗಿರಬೇಕು. ಅದರಲ್ಲಿ ಆರು ಅಂಕಿಯ ಕೋಡ್ ಮತ್ತು ಖರೀದಿದಾರರ ಇಒಆರ್‌ಐ ನಂಬರ್ ಕೇಳುತ್ತಾರೆ. ನಂಬರ್ ಇನ್‌ವಾಯ್ಸ್‌ನ ಕೆಳಗಡೆ ಇದೆ. ಸರಕಿನ ವಿವರಕ್ಕೆ ಸುಮ್ನೆ ‘ಮಷೀನ್ ಪಾರ್ಟ್ಸ್’ ಅಂತ ಹಾಕಬೇಡಿ. ಅಷ್ಟಕ್ಕೇ ಬಿಟ್ಟರೆ ವಿವರ ಸಾಲದು ಅಂತ ವಾಪಸ್ ಬರುವ ಸಾಧ್ಯತೆ ಇದೆ.

ಪೆಟ್ಟಿಗೆಗಳೆಲ್ಲ ಐಎಸ್‌ಪಿಎಂ 15 ಪ್ರಕಾರ ಹೀಟ್ ಟ್ರೀಟ್‌ಮೆಂಟ್ ಆದ ಮರದ್ದೇ. ಪ್ರತಿ ಪೆಟ್ಟಿಗೆಯ ಎರಡು ಎದುರುಬದುರು ಬದಿಗಳಲ್ಲಿ ಗೋಧಿ ತೆನೆಯ ಗುರುತು, ದೇಶದ ಕೋಡ್, ತಯಾರಕರ ನಂಬರ್, `HT` ಅಕ್ಷರಗಳ ಮುದ್ರೆ ಇದೆ. ಮೂರು ಪೆಟ್ಟಿಗೆಯಲ್ಲಿ ಶಾಯಿ ಮಾಸಿತ್ತು. ಪೆಟ್ಟಿಗೆ ಮಾಡಿಕೊಟ್ಟವರನ್ನೇ ಕರೆಸಿ ಹೊಸದಾಗಿ ಹೊಡೆಸಿದ್ದೇವೆ. ಫೋಟೋ ಜೊತೆಗಿದೆ. ಕಂಟೇನರ್ ಒಳಗೆ ಆಸರೆಗೆ ಇಡುವ ಮರದ ತುಂಡುಗಳಿಗೂ ಇದೇ ನಿಯಮ. ನಿಮ್ಮ ಹುಡುಗರು ಯಾರ್ಡ್‌ನಲ್ಲಿ ಸಿಕ್ಕಿದ ಹಲಗೆ ತುರುಕದಂತೆ ಒಂದು ಮಾತು ಹೇಳಿಡಿ. ಮುದ್ರೆ ಇರುವ ತುಂಡುಗಳನ್ನು ನಾವೇ ಕೊಡುತ್ತೇವೆ.

ಸರ್ಟಿಫಿಕೇಟ್ ಆಫ್ ಒರಿಜಿನ್ ಅನ್ನು ನಾವು ವಾಣಿಜ್ಯ ಸಂಸ್ಥೆಯಿಂದ ಮಾಡಿಸುತ್ತೇವೆ. ಇನ್ಶೂರೆನ್ಸ್ ಕೂಡ ನಮ್ಮದೇ, ಇನ್‌ವಾಯ್ಸ್ ಮೌಲ್ಯದ 110 ಶೇಕಡಾಕ್ಕೆ. ಪಾಲಿಸಿಯ ತಾರೀಖು ಶಿಪ್‌ಮೆಂಟ್ ತಾರೀಖಿಗಿಂತ ಆಚೆ ಹೋಗಬಾರದು. ಅದಕ್ಕೇ ಹಡಗಿನ ಹೆಸರು, ವಾಯೇಜ್ ನಂಬರ್ ನನಗೆ ಬೇಗ ಬೇಕು.

ಖಾಲಿ ಕಂಟೇನರ್ ನವೆಂಬರ್ 12ರ ಬೆಳಗ್ಗೆ ನಮ್ಮ ಗೋಡೌನ್‌ಗೆ ಬರಲಿ. ತೆಗೆದುಕೊಳ್ಳುವಾಗ ಒಳಗೆ ನಿಂತು ಬಾಗಿಲು ಮುಚ್ಚಿಸಿ, ಎಲ್ಲಾದರೂ ಬೆಳಕು ನುಸುಳುತ್ತದಾ ಅಂತ ನೋಡಲು ಹೇಳಿ. ಯಂತ್ರದಲ್ಲಿ ಕೊರೆದ ಮುಖಗಳಿಗೆ ಎಣ್ಣೆ ಹಚ್ಚಿದ್ದೇವೆ ನಿಜ, ಆದರೂ ನೀರು ಬಿದ್ದರೆ ತುಕ್ಕು ತಪ್ಪಿದ್ದಲ್ಲ. ಬೋಲ್ಟ್ ಸೀಲ್ ಐಎಸ್‌ಒ 17712ರದ್ದೇ ಇರಲಿ. ಸೀಲ್ ಹಾಕಿದ ಮೇಲೆ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ.

ನವೆಂಬರ್ 10ರೊಳಗೆ ನಿಮ್ಮಿಂದ ಬೇಕಾದದ್ದು: ಬುಕಿಂಗ್ ಕನ್ಫರ್ಮೇಶನ್, ಹಡಗಿನ ವಿವರ, ಎಸ್‌ಐ, ವಿಜಿಎಂ ಮತ್ತು ಗೇಟ್ ಮುಚ್ಚುವ ಸಮಯಗಳು, ಶಿಪ್ಪಿಂಗ್ ಬಿಲ್ ಚೆಕ್‌ಲಿಸ್ಟ್, ಬಿ.ಎಲ್. ಮೊದಲ ಡ್ರಾಫ್ಟ್. ಕಂಟೇನರ್ ನಂಬರ್, ಸೀಲ್ ನಂಬರ್ ಆಮೇಲೆ ಸೇರಿಸಿದರೆ ಸಾಕು. ನಿಮ್ಮ ಚಾರ್ಜ್‌ಗಳ ಪಟ್ಟಿಯನ್ನೂ ಬಿಡಿಬಿಡಿಯಾಗಿ ಕೊಡಿ. ‘ಇತರೆ’ ಅನ್ನುವ ಸಾಲು ಇದ್ದರೆ ನಮ್ಮ ಅಕೌಂಟ್ಸ್‌ನವರು ಬಿಲ್ ಪಾಸ್ ಮಾಡುವುದಿಲ್ಲ. ಅಲ್ಲಿ ಕಂಟೇನರ್‌ಗೆ 14 ದಿನ ಫ್ರೀ ಟೈಮ್ ಸಿಗುತ್ತದಾ ಅಂತ ಖರೀದಿದಾರರು ಕೇಳಿದ್ದಾರೆ. ಲೈನ್ ಹತ್ತಿರ ವಿಚಾರಿಸಿ, ಬರವಣಿಗೆಯಲ್ಲಿ ಕೊಡಿಸಿ.

ಹಡಗು 20ಕ್ಕೆ ಹೊರಟರೆ, ಶಿಪ್‌ಮೆಂಟ್ ಆದ 15 ದಿನದೊಳಗೆ ಎಂಬ ಎಲ್‌ಸಿ ಷರತ್ತಿನಂತೆ ನಾನು ಡಿಸೆಂಬರ್ 5ರೊಳಗೆ ಎಲ್ಲ ಕಾಗದ ಬ್ಯಾಂಕಿಗೆ ಕೊಡಬೇಕು. ಒರಿಜಿನಲ್ ಬಿ.ಎಲ್.ಗಳು 24ಕ್ಕೆ ನನ್ನ ಕೈ ಸೇರುವ ಹಾಗೆ ನೋಡಿಕೊಳ್ಳಿ. ಕೊರಿಯರ್‌ಗೆ ಹಾಕಬೇಡಿ, ನಮ್ಮ ಆಫೀಸಿನವರೇ ಬಂದು ಸಹಿ ಮಾಡಿ ತೆಗೆದುಕೊಂಡು ಹೋಗುತ್ತಾರೆ.

ಎಲ್‌ಸಿಯಲ್ಲಿ ನಡೆಯದ ಮಾತು ಏನಾದರೂ ನಿಮ್ಮ ಕಣ್ಣಿಗೆ ಬಿದ್ದರೆ ನಾಳೆಯೇ ಹೇಳಿ. ಈಗಾದರೆ ಖರೀದಿದಾರರಿಗೆ ಹೇಳಿ ತಿದ್ದಿಸಲು ಸಮಯವಿದೆ. ನಾಳೆ ಮಧ್ಯಾಹ್ನದವರೆಗೆ ನಾನು ಸೀಟಿನಲ್ಲೇ ಇರುತ್ತೇನೆ.

ವಂದನೆಗಳೊಂದಿಗೆ,
ಸುಮಾ
ರಫ್ತು ವಿಭಾಗ
ನವೆಂಬರ್ 6

ಲಗತ್ತು: ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಎಲ್‌ಸಿ ಪ್ರತಿ, ಪೆಟ್ಟಿಗೆ ಮುದ್ರೆಯ ಫೋಟೋಗಳು