ಒಬ್ಬರು

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳಿಗೆ ಸಾರಾಂಶ ಬರೆಯುವುದೂ ಒಂದು ಕೆಲಸವೇ ಎಂದುಕೊಂಡು ಒಪ್ಪಿಕೊಂಡೆ. ಮಂಜುನಾಥ ನನ್ನ ಹಳೆಯ ವಿದ್ಯಾರ್ಥಿ, ಈಗ ಕೋಲಾರದಲ್ಲೇ ಒಂದು ಕಾಲೇಜಿನ ಗ್ರಂಥಪಾಲಕ. ಇವರ ಉಪನ್ಯಾಸಗಳ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಗ್ರಂಥಾಲಯದಲ್ಲಿ ಇಡುತ್ತೇನೆ ಎಂದ. "ಒಂದೊಂದು ಕ್ಯಾಸೆಟ್ಟಿಗೆ ಅರ್ಧ ಪುಟ ಸಾಕು ಮೇಡಂ. ಮೇಷ್ಟ್ರು ಎಲ್ಲಿ ಮಾತನಾಡಿದರು, ಏನು ಹೇಳಿದರು, ಅಷ್ಟೇ." ಅಷ್ಟೇ ಎನ್ನುವ ಪದವನ್ನು ಹುಡುಗರು ಎಷ್ಟು ಸಲೀಸಾಗಿ ಬಳಸುತ್ತಾರೆ.

ಬೀರುವಿನ ಮೇಲಿದ್ದ ಟ್ರಂಕಿನಲ್ಲಿ ನಲವತ್ತಮೂರು ಕ್ಯಾಸೆಟ್ಟುಗಳಿದ್ದವು. ಇವರು ಹೋಗಿ ಏಳು ವರ್ಷವಾದರೂ ಟ್ರಂಕನ್ನು ಇಳಿಸಿರಲಿಲ್ಲ. ಅರ್ಧದಷ್ಟು ಸಿನಿಮಾ ಹಾಡಿನ ಕ್ಯಾಸೆಟ್ಟುಗಳೇ. ಅಳಿಸದಂತೆ ಕಂಪನಿಯವರು ಹಿಂಬದಿಯ ಕಿಂಡಿಯನ್ನು ತೆರೆದಿಟ್ಟಿರುತ್ತಾರಲ್ಲ, ಅದರ ಮೇಲೆ ಅಂಟುಕಾಗದ ಹಚ್ಚಿ, ಹಾಡಿನ ಮೇಲೆ ತಮ್ಮ ಭಾಷಣ ತುಂಬಿಸಿದ್ದರು. ಹೊಸ ಕ್ಯಾಸೆಟ್ಟಿಗೆ ದುಡ್ಡು ಹಾಕಲು ಇವರಿಗೆ ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ಕೆರೆಯ ಹೂಳಿನ ಬಗ್ಗೆ ಗಂಭೀರವಾಗಿ ಮಾತನಾಡಿ ಮುಗಿಸಿದ ಕೂಡಲೇ ಪ್ರೇಯಸಿಯನ್ನು ಕರೆಯುವ ನಾಯಕನ ದನಿ ಒಂದು ಸಾಲು ಕೇಳಿಸಿ ಬದಿ ಮುಗಿಯುತ್ತದೆ.

ಟೇಪ್ ರೆಕಾರ್ಡರ್ ಮೊದಲು ಮೊಂಡು ಹಿಡಿಯಿತು. ಒಳಗಿನ ಬೆಲ್ಟ್ ಸಡಿಲಾಗಿ ಇವರ ದನಿ ಪೌರಾಣಿಕ ನಾಟಕದ ದುರ್ಯೋಧನನ ದನಿಯಾಗಿತ್ತು. ಕ್ಲಾಕ್ ಟವರ್ ಹತ್ತಿರದ ರಿಪೇರಿಯವರು ಬೆಲ್ಟ್ ಬದಲಿಸಿ, ಹೆಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಟ್ಟರು. "ಎಷ್ಟು ವರ್ಷವಾಯಿತಮ್ಮ ಇದನ್ನು ಮುಟ್ಟಿ?" ಎಂದು ಕೇಳಿದಾಗ ನನ್ನನ್ನೇ ಬೈದಂತಾಯಿತು. ಮನೆಗೆ ಬಂದು, ಜೋಲು ಬಿದ್ದಿದ್ದ ಟೇಪನ್ನು ಪೆನ್ಸಿಲ್ ತೂರಿಸಿ ಬಿಗಿಮಾಡಿ, ಗುಂಡಿ ಒತ್ತಿದೆ.

"ನೋಡಿ..." ಎಂದರು ಇವರು.

ಅದು ಇವರ ಮಾತಿನ ಮೊದಲ ಪದ. ತರಗತಿಯಲ್ಲಿ, ಹಳ್ಳಿಯ ಅರಳಿಕಟ್ಟೆಯಲ್ಲಿ, ಉಪ್ಪು ಕಡಿಮೆಯಾದ ಸಾರಿನ ಮುಂದೆ, ಎಲ್ಲ ಕಡೆಯೂ. ವಿಚಿತ್ರವೆಂದರೆ ಹಳೆಯ ಟೇಪಿನಲ್ಲಿ ಆ "ನೋಡಿ" ಎರಡು ಸಲ ಕೇಳುತ್ತದೆ. ಮೊದಲು ಪಕ್ಕದ ಮನೆಯಿಂದ ಬಂದಷ್ಟು ಸಣ್ಣಗೆ, ಆಮೇಲೆ ಸರಿಯಾಗಿ. ಸುತ್ತಿಟ್ಟ ಟೇಪಿನ ಒಂದು ಪದರದ ಕಾಂತ ಪಕ್ಕದ ಪದರಕ್ಕೆ ಇಳಿದುಬಿಡುತ್ತದಂತೆ, ರಿಪೇರಿಯವರು ಹೇಳಿದರು. ಅದಕ್ಕೇ ಆಡಬೇಕಾದ ಮಾತು ಒಂದೆರಡು ಕ್ಷಣ ಮೊದಲೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ.

ಸಾರಾಂಶಕ್ಕೆ ನಿಯಮಗಳಿವೆ. ಮೂರನೆಯ ಒಂದು ಭಾಗಕ್ಕೆ ಇಳಿಸಬೇಕು, ಉಪಮೆ ಉದಾಹರಣೆಗಳನ್ನು ಬಿಡಬೇಕು, ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದು, ತಕ್ಕ ಶೀರ್ಷಿಕೆ ಕೊಡಬೇಕು. ಸಾವಿರಾರು ಮಕ್ಕಳಿಗೆ ಇದನ್ನೇ ಹೇಳಿದ್ದೇನೆ. ಅದರಂತೆ ನನ್ನ ನೋಟ್‌ಬುಕ್ಕಿನ ಮೊದಲ ಪುಟ ಹೀಗಿದೆ:

"ಕ್ಯಾಸೆಟ್ 1, ಎ ಬದಿ, 1986. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೂರೂ ನಮ್ಮ ಸೀಮೆಯಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಜಿಲ್ಲೆಗಿಲ್ಲ. ಆದ್ದರಿಂದ ಹಿರಿಯರು ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ. ಒಂದರ ಕಾಲುವೆ ಮುಚ್ಚಿದರೆ ಸಾಲಿನ ಕೆರೆಗಳೆಲ್ಲ ಒಣಗುತ್ತವೆ."

ಇವರು ಹೇಳಿದ್ದು ಹೀಗಲ್ಲ. "ನೋಡಿ, ನಮ್ಮ ನದಿಗಳು ಹೆಣ್ಣುಮಕ್ಕಳ ಹಾಗೆ. ಹುಟ್ಟಿದ್ದು ನಮ್ಮ ಮನೆಯಲ್ಲಿ, ಬಾಳು ಮಾಡಿದ್ದು ಆಂಧ್ರದಲ್ಲಿ, ತಮಿಳುನಾಡಿನಲ್ಲಿ. ತವರಿಗೆ ಒಂದು ಬಿಂದಿಗೆ ನೀರೂ ಕಳಿಸುವುದಿಲ್ಲ!" ಎಂದಿದ್ದರು, ಜನ ನಕ್ಕಿದ್ದರು. ಉಪಮೆ, ಆದ್ದರಿಂದ ಬಿಟ್ಟೆ. ಬಿಟ್ಟ ಮೇಲೆ ಉಳಿದದ್ದು ಯಾವ ಇಲಾಖೆಯ ಗುಮಾಸ್ತರೂ ಬರೆಯಬಹುದಾದ ನಾಲ್ಕು ಸಾಲು. ಇವರು ಇದ್ದಿದ್ದರೆ ಓದಿ, ಕನ್ನಡಕ ತೆಗೆದು, "ಚೆನ್ನಾಗಿದೆ, ಆದರೆ ಯಾರು ಸತ್ತರು?" ಎಂದು ಕೇಳುತ್ತಿದ್ದರು.

ದಿನಕ್ಕೆ ಎರಡು ಬದಿಯಂತೆ ಕೇಳಿದೆ. ಗೋಡು ಮಣ್ಣನ್ನು ಗದ್ದೆಗೆ ಹೊಡೆಯುವುದು ನಿಂತು ಕೆರೆ ತುಂಬಾ ಹೂಳಾದದ್ದು, ಗುಂಡುತೋಪುಗಳನ್ನು ಕಡಿದು ನೀಲಗಿರಿ ನೆಟ್ಟದ್ದು, ಬೋರುಗಳು ನೂರು ಅಡಿಯಿಂದ ಶುರುವಾಗಿ ಆಳಕ್ಕೆ ಇಳಿಯುತ್ತಾ ಹೋದದ್ದು. ಇವುಗಳನ್ನು ಬರೆಯುವುದು ಕಷ್ಟವಾಗಲಿಲ್ಲ. ಆರನೆಯ ಕ್ಯಾಸೆಟ್ಟಿನಲ್ಲಿ ನೀರಗಂಟಿಯ ವಿಷಯ ಬಂತು.

ಎಲ್ಲ ಗದ್ದೆಗೂ ನೀರು ಹಂಚುವವನು ನೀರಗಂಟಿ. ಗೌಡರ ಗದ್ದೆ ಎಂದು ಹೆಚ್ಚಿಲ್ಲ, ವಿಧವೆಯ ಗದ್ದೆ ಎಂದು ಕಡಿಮೆಯಿಲ್ಲ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಒಂದು ಭಾಗಕ್ಕೆ ಮಾತ್ರ ನೀರು, ಆ ಭಾಗದಲ್ಲೇ ಎಲ್ಲರಿಗೂ ಪಾಲು. ಅದಕ್ಕೆ ದಾಮಾಷಾ ಎನ್ನುತ್ತಿದ್ದರು. ಸುಗ್ಗಿಯಲ್ಲಿ ಕಣದ ಹತ್ತಿರ ನಿಂತರೆ ಅವನ ಆಯದ ಹೊರೆ ಸಿಗುತ್ತಿತ್ತು. ಇಷ್ಟು ಹೇಳಿ ಇವರು ದನಿ ತಗ್ಗಿಸಿದರು. "ನೋಡಿ, ತೂಬು ಎತ್ತುವುದು ಹೇಗೆ ಗೊತ್ತೇ? ತುಂಬಿದ ಕೆರೆಯಲ್ಲಿ ಈಜಿಕೊಂಡು ತೂಬಿನ ಕಲ್ಲುಕಂಬದವರೆಗೆ ಹೋಗಬೇಕು. ಕಂಬ ಹಿಡಿದು ಮುಳುಗಬೇಕು. ಕೆಸರಿನಲ್ಲಿ ಕಣ್ಣು ಕಾಣುವುದಿಲ್ಲ, ಕಾಲಿನಿಂದಲೇ ಬಿರಡೆಯನ್ನು ಹುಡುಕಬೇಕು. ನೀರು ಎಳೆಯುವ ಮೊದಲೇ ಪಕ್ಕಕ್ಕೆ ಸರಿಯಬೇಕು. ತಡಮಾಡಿದರೆ ಕಾಲು ತೂಬಿಗೆ. ಒಬ್ಬರು ಇದನ್ನು ನನಗೆ ಹೇಳಿದರು."

ಆ ಒಬ್ಬರು ನಾನು.

ನನ್ನ ತಾತ ಚಿಕ್ಕಮುನಿಯಪ್ಪ ನೀರಗಂಟಿ. ಕಾಲಿನಿಂದ ಬಿರಡೆ ಹುಡುಕುವುದನ್ನು ನನಗೆ ನೆಲದ ಮೇಲೆ ಹೆಬ್ಬೆರಳು ಆಡಿಸಿ ತೋರಿಸಿದ್ದವರು. ಊರಿನ ನೀರನ್ನೆಲ್ಲ ಹಂಚಿದ ಆ ಮನುಷ್ಯ ಊರೊಳಗಿನ ಬಾವಿಯಿಂದ ಒಂದು ಕೊಡ ನೀರು ಸೇದುವಂತಿರಲಿಲ್ಲ. ನಮ್ಮ ಕೇರಿ ಊರಿನ ಆಚೆ ಇತ್ತು. ಇವರದು ಊರೊಳಗಿನ ಮನೆ. ನಮ್ಮ ಮದುವೆಗೆ ಎರಡೂ ಕಡೆಯಿಂದ ಸೇರಿ ಬಂದವರು ಒಂಬತ್ತು ಜನ.

ಮದುವೆಯ ಮೇಲೆ ಕೋಲಾರದಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಮನೆಯೊಡತಿ "ನೀವು ಯಾವ ಪೈಕಿ?" ಎಂದು ಕೇಳಿದರು. ಇವರು "ಮೇಷ್ಟ್ರ ಪೈಕಿ" ಎಂದರು. ಆಕೆ ನಕ್ಕು ಬೀಗದ ಕೈ ಕೊಟ್ಟರು. ಆ ನಗುವಿನ ಮೇಲೆ ನಾವು ಆರು ವರ್ಷ ಬದುಕಿದೆವು. ಶಾಲೆಯಲ್ಲಿಯೂ ಹಾಗೆಯೇ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ನಾಲ್ಕು ಜನ ಟೀಚರುಗಳು ಪಲ್ಯ ಬದಲಾಯಿಸಿಕೊಳ್ಳುತ್ತಿದ್ದೆವು.

1988ರಲ್ಲಿ ಊರಿನ ಸಭಾಂಗಣದಲ್ಲಿ ಇವರ ದೊಡ್ಡ ಉಪನ್ಯಾಸ. ಬೆಳಗ್ಗೆ ಇಸ್ತ್ರಿ ಮಾಡುತ್ತಾ "ಇವತ್ತು ನಿನ್ನ ತಾತನ ಹೆಸರು ಹೇಳುತ್ತೇನೆ" ಎಂದರು. ಮುಂದಿನ ಸಾಲಿನಲ್ಲಿ ನಮ್ಮ ಶಾಲೆಯವರೆಲ್ಲ ಕೂತಿರುತ್ತಾರೆ. ನಾನು "ಬೇಡ" ಎಂದೆ. ಇವರು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ನನ್ನನ್ನು ನೋಡಿದರು. ಬಿಳಿ ಅಂಗಿಯ ತೋಳಿನ ಮೇಲೆ ಸಣ್ಣ ಕಂದು ಕಲೆ ಬಿತ್ತು. "ಆಯಿತು" ಎಂದರು. ತೋಳು ಮಡಚಿಕೊಂಡು ಹೋದರು. ಆ ಮಾತು ನಮ್ಮ ನಡುವೆ ಮತ್ತೆ ಬರಲಿಲ್ಲ. ಎಷ್ಟೋ ವರ್ಷ ಇವರು ಮರೆತಿದ್ದಾರೆ ಎಂದೇ ತಿಳಿದಿದ್ದೆ.

ಮರೆತಿರಲಿಲ್ಲ. ನಲವತ್ತಮೂರರಲ್ಲಿ ಹತ್ತೊಂಬತ್ತು ಕ್ಯಾಸೆಟ್ಟುಗಳಲ್ಲಿ "ಒಬ್ಬರು" ಬರುತ್ತಾರೆ. ಮುಳಬಾಗಿಲಿನಲ್ಲಿ, ಮಾಲೂರಿನಲ್ಲಿ, ಚಿಂತಾಮಣಿಯಲ್ಲಿ. ಪ್ರತಿ ಸಲವೂ ಆ ಪದಕ್ಕೆ ಮುಂಚೆ ಇವರು ಅರೆಗಳಿಗೆ ತಡೆಯುತ್ತಾರೆ. ತಾತ ಮಾತ್ರ ಊರಿನಿಂದ ಊರಿಗೆ ಬೆಳೆಯುತ್ತಾ ಹೋಗುತ್ತಾರೆ. 1986ರಲ್ಲಿ ನೀರಗಂಟಿ ಉಸಿರು ಕಟ್ಟಿದ್ದು ಎರಡು ನಿಮಿಷ, 1991ರಲ್ಲಿ ಮೂರು, 1997ರ ಹೊತ್ತಿಗೆ ಐದು. ಇತಿಹಾಸದ ಮೇಷ್ಟ್ರು! ಶಾಸನದ ಒಂದು ಅಕ್ಷರಕ್ಕೆ ಮೂರು ದಿನ ಜಗಳವಾಡುತ್ತಿದ್ದವರು ನನ್ನ ತಾತನ ವಿಷಯದಲ್ಲಿ ಹೀಗೆ ಕೈಬಿಟ್ಟು ಖರ್ಚು ಮಾಡಿದ್ದಾರೆ. ಹೆಸರು ಕೊಡಲಾಗದ್ದಕ್ಕೆ ಉಸಿರು ಕೊಟ್ಟರೋ ಏನೋ.

ನಲವತ್ತೊಂದನೆಯದು 1997ರ ಒಂದು ಹಳ್ಳಿಯ ಸಭೆ. ಹಿಂದೆ ನಾಯಿ ಬೊಗಳುತ್ತಿದೆ. ಒಬ್ಬ ಹುಡುಗ ಎದ್ದು, "ಸಾರ್, ಪ್ರತಿ ಸಲ ಒಬ್ಬರು ಒಬ್ಬರು ಎನ್ನುತ್ತೀರಿ, ಯಾರು ಸಾರ್ ಅವರು?" ಎಂದು ಕೇಳಿದ. ಟೇಪು ಸುಮ್ಮನಾಯಿತು. ಆ ಮೌನದೊಳಗೆ, ಪಕ್ಕದ ಪದರದಿಂದ ಇಳಿದ ಇವರ ದನಿ ಸಣ್ಣಗೆ ಕೇಳಿತು, "ನನ್ನ ಮನೆ..." ನನ್ನ ಬೆರಳು ಗುಂಡಿಯ ಮೇಲೆ ಹೋಯಿತು. ಎಪ್ಪತ್ತೆರಡು ವರ್ಷ, ಇಲ್ಲಿ ಕೇಳುವವರು ಯಾರೂ ಇಲ್ಲ, ಆದರೂ ಬೆರಳು ಹೋಯಿತು.

ಒತ್ತಲಿಲ್ಲ.

"ನನ್ನ ಮನೆಯಲ್ಲೇ ಇದ್ದಾರಪ್ಪ" ಎಂದರು ಇವರು. "ಹೆಸರು ಹೇಳಲು ಅಪ್ಪಣೆಯಿಲ್ಲ."

ಜನ ಗೊಳ್ಳೆಂದು ನಕ್ಕರು. ಹೆಂಡತಿಗೆ ಹೆದರುವ ಗಂಡನ ತಮಾಷೆ ಎಂದುಕೊಂಡಿರಬೇಕು. ಇವರೂ ಜೊತೆಗೆ ನಕ್ಕರು, ಆದರೆ ಇವರ ನಗು ಜನರ ನಗುವಿಗಿಂತ ಬೇಗ ಮುಗಿಯಿತು. ಆಮೇಲೆ ಲೋಟದಿಂದ ನೀರು ಕುಡಿದ ಸದ್ದು. ಆಮೇಲೆ "ನೋಡಿ, 1961ರ ಕಾಯ್ದೆ ಬಂದು ಗ್ರಾಮದ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು..."

ಅವತ್ತು ಬರೆಯಲಿಲ್ಲ. ಮರುದಿನ ಬೆಳಗ್ಗೆ ಕಾಫಿ ಕುಡಿದು ನೋಟ್‌ಬುಕ್ ತೆಗೆದೆ. ಎರಡೋ ಮೂರೋ ಐದೋ ನಿಮಿಷ ಎಂಬುದನ್ನು ಇತ್ಯರ್ಥ ಮಾಡಬೇಕಿತ್ತು. ಅದನ್ನು ಲೆಕ್ಕ ಹಾಕಿದವಳು ನಾನೊಬ್ಬಳೇ. ಏಳು ವರ್ಷದವಳು, ಏರಿಯ ಮೇಲೆ ನಿಂತು, ತಾತ ಮುಳುಗಿದೊಡನೆ ಮಗ್ಗಿ ಶುರುಮಾಡುತ್ತಿದ್ದೆ. ಎರಡರದು, ಮೂರರದು. ನಾಲ್ಕರ ಮಗ್ಗಿಗೆ ಬರುವಾಗ ಅಳು ಬರುತ್ತಿತ್ತು. ನಾಲ್ಕು ಹತ್ತಲ ನಲವತ್ತು ಎನ್ನುವಷ್ಟರಲ್ಲಿ ಕಪ್ಪು ತಲೆ ನೀರಿನ ಮೇಲೆ ಏಳುತ್ತಿತ್ತು. ಹಿಂದೆಯೇ ಏರಿಯ ಕೆಳಗೆ, ನನ್ನ ಬೆನ್ನಿನ ಕಡೆ, ಕಾಲುವೆಗೆ ನೀರು ನುಗ್ಗುವ ಸದ್ದು.

ಬರೆದೆ: "ಕ್ಯಾಸೆಟ್ 41, ಬಿ ಬದಿ. ತೂಬು ಎತ್ತುವ ವಿವರ. ಹೇಳಿದವರು ಉಪನ್ಯಾಸಕರ ಹೆಂಡತಿ. ಆಕೆಯ ತಾತ ಚಿಕ್ಕಮುನಿಯಪ್ಪ ನೀರಗಂಟಿಯಾಗಿದ್ದರು. ನೀರಿನಡಿ ಇರುತ್ತಿದ್ದದ್ದು ಎರಡರಿಂದ ನಾಲ್ಕರವರೆಗೆ ಮಗ್ಗಿ ಹೇಳಿ ಮುಗಿಸುವಷ್ಟು ಹೊತ್ತು. ಐದು ನಿಮಿಷ ಎಂಬುದು ತಪ್ಪು." ಹಿಂದಿನ ಹದಿನೆಂಟು ಪುಟಗಳಿಗೂ ಹೋಗಿ, "ಒಬ್ಬರು" ಇದ್ದ ಕಡೆಯೆಲ್ಲ ಕೆಂಪು ಶಾಯಿಯಲ್ಲಿ ಹೆಸರು ತುಂಬಿದೆ. ಕೆಂಪು ಪೆನ್ನು ಕೈಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಕೈ ನಡುಗಲಿಲ್ಲ.

ನೋಟ್‌ಬುಕ್ ಒಯ್ದ ಮಂಜುನಾಥ ಮೂರನೆಯ ದಿನ ಫೋನ್ ಮಾಡಿದ. ಗಂಟಲು ಸರಿಮಾಡಿಕೊಂಡ.

"ಮೇಡಂ, ನಲವತ್ತೊಂದನೆಯದನ್ನು ಎರಡು ಸಲ ಕೇಳಿದೆ. ನೀವು ಬರೆದದ್ದು ಟೇಪಿನಲ್ಲಿ ಇಲ್ಲವಲ್ಲ?"

"ಇಲ್ಲ."

"ಅಲ್ಲ ಮೇಡಂ... ಒಂಬತ್ತನೆಯ ತರಗತಿಯಲ್ಲಿ, ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದೆ ಎಂದು ನನಗೆ ಎರಡು ಅಂಕ ಕಳೆದಿದ್ದಿರಿ."

"ನನಗೂ ಕಳೆ" ಎಂದೆ. "ಆದರೆ ಹೆಸರನ್ನು ಹೊಡೆದುಹಾಕಬೇಡ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು, ಚಿಕ್ಕಮುನಿಯಪ್ಪ ಎಂಬುದನ್ನು ಒಂದೇ ಪದವಾಗಿ ಬರೆಯುವುದೋ ಬಿಡಿಸಿ ಬರೆಯುವುದೋ ಎಂದು ಕೇಳಿದ.

"ಕೂಡಿಸಿ" ಎಂದೆ.